ಬಾಣಂತಿ ಖಿನ್ನತೆ: ಹತ್ತು ಪ್ರಶ್ನೆ ಕೇಳುವುದು ಹೇಗೆ, ಆಮೇಲೆ ಜೊತೆಗೆ ಕೂರುವುದು ಹೇಗೆ

ಬಾಣಂತಿ ಮನೆಗೆ ಹೋದಾಗ ನಾವು ಹೊಲಿಗೆ ನೋಡುತ್ತೇವೆ, ಬಿಪಿ ನೋಡುತ್ತೇವೆ, ಮಗುವಿನ ತೂಕ ತೆಗೆದು ತಾಯಿ ಕಾರ್ಡಿನಲ್ಲಿ ಬರೆಯುತ್ತೇವೆ. ಮನಸ್ಸು ಹೇಗಿದೆ ಅಂತ ಕೇಳುವುದು ಮಾತ್ರ ಕೊನೆಗೆ, ಚಪ್ಪಲಿ ಹಾಕಿಕೊಳ್ಳುತ್ತಾ: "ಎಲ್ಲಾ ಆರಾಮ ಅಲ್ವಾ?" ಅತ್ತೆಯೋ ಅಮ್ಮನೋ ಪಕ್ಕದಲ್ಲೇ ನಿಂತಿರುವಾಗ ಈ ಪ್ರಶ್ನೆಗೆ "ಹೂಂ ಸಿಸ್ಟರ್" ಬಿಟ್ಟರೆ ಬೇರೆ ಉತ್ತರ ಬರುವುದಿಲ್ಲ. ಭಾರತದಲ್ಲಿ ಆದ 38 ಅಧ್ಯಯನಗಳನ್ನು ಒಟ್ಟಿಗೆ ನೋಡಿ 2017ರಲ್ಲಿ ಲೆಕ್ಕ ಹಾಕಿದಾಗ ಸುಮಾರು ನೂರಕ್ಕೆ 22 ತಾಯಂದಿರಲ್ಲಿ ಹೆರಿಗೆ ನಂತರದ ಖಿನ್ನತೆ ಕಂಡಿತ್ತು. ಹಾಗಿದ್ದೂ ನಿಮ್ಮ ಉಪಕೇಂದ್ರದ ರಿಜಿಸ್ಟರಿನಲ್ಲಿ ಒಂದು ಹೆಸರೂ ಇಲ್ಲ ಅಂದರೆ ಕೇಳುವ ರೀತಿಯಲ್ಲೇ ಏನೋ ಎಡವಟ್ಟಿದೆ.

ಈ ಪಾಠ ಹಳ್ಳಿಯಲ್ಲಿ ಮನೆಭೇಟಿ ಮಾಡುವ ಸಿಸ್ಟರ್‌ಗಳಿಗೆ. ಜೊತೆಗೆ ಬರುವ ಆಶಾ ಕಾರ್ಯಕರ್ತೆಯರೂ ಓದಬಹುದು. ರೋಗ ಇದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಡಾಕ್ಟರ ಕೆಲಸ. ಕಷ್ಟದಲ್ಲಿರುವವಳನ್ನು ಗುರುತಿಸುವುದು, ಆಮೇಲೆ ಅವಳ ಜೊತೆ ಕೂರುವುದು ನಮ್ಮ ಕೆಲಸ.

ಮೊದಲು ಮೂರು ಸ್ಥಿತಿಗಳನ್ನು ಬೇರೆ ಮಾಡಿಕೊಳ್ಳಿ

ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಸುಮ್ಮಸುಮ್ನೆ ಅಳು ಬರುವುದು, ಸಣ್ಣ ಮಾತಿಗೂ ಸಿಡುಕುವುದು, ಮತ್ತೆ ಒಂದು ಗಳಿಗೆಯಲ್ಲಿ ನಗುವುದು ಅರ್ಧಕ್ಕಿಂತ ಜಾಸ್ತಿ ಬಾಣಂತಿಯರಲ್ಲಿ ಇರುತ್ತದೆ. ಎರಡು ವಾರದೊಳಗೆ ತಾನೇ ಹೋಗುತ್ತದೆ. ಇದಕ್ಕೆ ನಿದ್ದೆ, ಊಟ, ಒಂದು ಒಳ್ಳೆ ಮಾತು ಸಾಕು.

ಎರಡು ವಾರ ದಾಟಿದ ಮೇಲೂ ದಿನದ ಬಹುಪಾಲು ಬೇಸರ, ಯಾವುದರಲ್ಲೂ ಮನಸ್ಸಿಲ್ಲ, ಮಗು ಮಲಗಿದಾಗಲೂ ನಿದ್ದೆ ಬರುವುದಿಲ್ಲ, ಎಲ್ಲಕ್ಕೂ ತಾನೇ ಕಾರಣ ಅನ್ನುವ ಯೋಚನೆ ಇದ್ದರೆ ಅದು ಖಿನ್ನತೆ ಇರಬಹುದು. ಮೊದಲ ಆರು ವಾರದಲ್ಲಿ ಶುರುವಾಗುವುದೇ ಹೆಚ್ಚು. ಆದರೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಬರಬಹುದು, ಕೆಲವರಿಗೆ ಬಸಿರಿನಲ್ಲೇ ಶುರುವಾಗಿರುತ್ತದೆ.

ಮೂರನೆಯದನ್ನು ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಅನ್ನುತ್ತಿದ್ದರು. ಸಾವಿರ ಹೆರಿಗೆಗೆ ಒಂದೋ ಎರಡೋ. ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ, ಅದೂ ದಿಢೀರನೆ. ರಾತ್ರಿಯೆಲ್ಲಾ ನಿದ್ದೆ ಇಲ್ಲ, ಆದರೂ ದಣಿವೇ ಇಲ್ಲ. ಮಾತು ಎಲ್ಲಿಂದೆಲ್ಲಿಗೋ ಹೋಗುತ್ತದೆ. ಮಗು ತನ್ನದಲ್ಲ, ಯಾರೋ ಬದಲಾಯಿಸಿದ್ದಾರೆ ಅನ್ನುತ್ತಾಳೆ, ಯಾರದೋ ದನಿ ಕೇಳಿಸುತ್ತದೆ ಅನ್ನುತ್ತಾಳೆ. ಇಲ್ಲಿ ಪ್ರಶ್ನಾವಳಿ ತೆಗೆಯಲೇಬೇಡಿ. 108ಕ್ಕೆ ಫೋನ್ ಮಾಡಿ, ತಾಯಿ ಮಗು ಇಬ್ಬರನ್ನೂ ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಅವತ್ತೇ ಆಸ್ಪತ್ರೆಗೆ ಕಳಿಸಿ. ಮನೆಯವರು ಗಾಳಿ ಸೋಕಿದೆ, ಮೊದಲು ತಾಯತ ಕಟ್ಟಿಸೋಣ ಅನ್ನಬಹುದು. ಜಗಳ ಮಾಡದೆ "ಕಟ್ಟಿಸಿ, ಆದರೆ ಗಾಡಿ ಹತ್ತಿ ಕಟ್ಟಿಸಿ" ಅನ್ನಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನ ಜೊತೆಗೇ ಸೇರಿಸಿಕೊಳ್ಳುವ ತಾಯಿ-ಮಗು ವಾರ್ಡ್ 2009ರಿಂದ ಇದೆ ಅನ್ನುವುದನ್ನೂ ಹೇಳಿ. "ಮಗು ಏನಾಗುತ್ತೆ" ಅನ್ನುವ ಭಯಕ್ಕೇ ಎಷ್ಟೋ ಮನೆಯವರು ಹೊರಡುವುದಿಲ್ಲ.

ಮುಂದೆ ಬರೆದಿರುವುದೆಲ್ಲಾ ಎರಡನೆಯ ಸ್ಥಿತಿಯ ಬಗ್ಗೆ.

ಯಾವ ಭೇಟಿಯಲ್ಲಿ ಕೇಳಬೇಕು

ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ 3, 7, 14, 21, 28, 42ನೇ ದಿನ ಆಶಾ ಹೋಗುತ್ತಾರೆ. ಮೊದಲ ವಾರ ಹತ್ತು ಪ್ರಶ್ನೆ ಕೇಳಿದರೆ ಆ ಕೆಲವೇ ದಿನದ ಅಳು ಕೂಡ ಲೆಕ್ಕಕ್ಕೆ ಸೇರಿ ಅಂಕ ಏರಿ ಕೂರುತ್ತದೆ. ಆಗ ಬರೀ ಕಣ್ಣಿಟ್ಟಿರಿ. ಪೂರ್ತಿ ಪ್ರಶ್ನಾವಳಿಗೆ 42ನೇ ದಿನ ಸರಿಯಾದ ಹೊತ್ತು, ಒಂದೂವರೆ ತಿಂಗಳ ಲಸಿಕೆಯೂ ಅದೇ ಸುಮಾರಿಗೆ ಬರುತ್ತದೆ. ಮೂರೂವರೆ ತಿಂಗಳ ಲಸಿಕೆಗೆ ಬಂದಾಗ ಇನ್ನೊಂದು ಸಲ, 9 ತಿಂಗಳ ಲಸಿಕೆಗೆ ಬಂದಾಗ ಮತ್ತೊಂದು ಸಲ ಕೇಳಿ. ಮುಂಚೆ ಖಿನ್ನತೆ ಇದ್ದವರು, ಮಗು ಕಳೆದುಕೊಂಡವರು, ಗಂಡ ಕುಡಿದು ಹೊಡೆಯುವ ಮನೆಯವರು, ಹೆಣ್ಣು ಮಗು ಆಯಿತೆಂದು ಮಾತು ಕೇಳುತ್ತಿರುವವರು ಇದ್ದರೆ 21ನೇ ದಿನಕ್ಕೇ ಒಮ್ಮೆ ಕೂತು ಕೇಳಿ.

ಒಂಟಿಯಾಗಿ ಸಿಗುವಂತೆ ಮಾಡಿಕೊಳ್ಳಿ

ಅರ್ಧ ಕೆಲಸ ಇದೇ. "ಸ್ವಲ್ಪ ಹೊರಗೆ ಹೋಗಿ" ಅಂದರೆ ಅತ್ತೆಗೆ ಅನುಮಾನ, ಆಮೇಲೆ ಸೊಸೆಗೆ ವಿಚಾರಣೆ. ನಮ್ಮ ಕೈಯಲ್ಲೇ ಒಂದು ನೆಪ ಇದೆ: ಹೊಲಿಗೆ, ಎದೆ, ರಕ್ತಸ್ರಾವ ನೋಡುವುದಕ್ಕೆ ಬಾಗಿಲು ಮುಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ. ಮಗುವನ್ನು ಅಜ್ಜಿ ಕೈಗೆ ಕೊಟ್ಟು "ಎಣ್ಣೆ ಹಚ್ಚಿ ನೀರು ಹಾಕ್ತಾ ಇರಿ ಅಮ್ಮಾ, ನಾನು ಹೊಲಿಗೆ ನೋಡಿ ಬರ್ತೀನಿ" ಅನ್ನಿ. ಇಪ್ಪತ್ತು ನಿಮಿಷ ಸಿಗುತ್ತದೆ. ಮನೆ ಒಂದೇ ಕೋಣೆಯದ್ದಾದರೆ ಲಸಿಕೆ ದಿನ ಅಂಗನವಾಡಿಯಲ್ಲಿ ಕೊನೆಯವಳಾಗಿ ಉಳಿಸಿಕೊಳ್ಳಿ.

ಕೂತ ತಕ್ಷಣ ಗುಟ್ಟಿನ ಬಗ್ಗೆ ಖಚಿತವಾಗಿ ಹೇಳಿಬಿಡಿ, ಗಡಿಯನ್ನೂ ಸೇರಿಸಿ: "ಇಲ್ಲಿ ಹೇಳಿದ್ದು ಮನೆಯವರಿಗೆ ಹೋಗಲ್ಲ. ನಿಮ್ಮ ಜೀವಕ್ಕೋ ಮಗು ಜೀವಕ್ಕೋ ತೊಂದರೆ ಅನ್ನಿಸಿದರೆ ಮಾತ್ರ ಇನ್ನೊಬ್ಬರಿಗೆ ಹೇಳಲೇಬೇಕಾಗುತ್ತೆ, ಅದನ್ನೂ ನಿಮಗೆ ಹೇಳಿಯೇ ಮಾಡ್ತೀನಿ." ಎಲ್ಲಾ ಗುಟ್ಟಾಗಿಡ್ತೀನಿ ಅಂತ ಮೊದಲು ಮಾತು ಕೊಟ್ಟು, ಹತ್ತನೇ ಪ್ರಶ್ನೆ ಆದಮೇಲೆ ಗಂಡನಿಗೆ ಫೋನ್ ಮಾಡಿದರೆ ಅವಳು ಮತ್ತೆ ಬಾಯಿ ಬಿಡುವುದಿಲ್ಲ.

ಹತ್ತು ಪ್ರಶ್ನೆ ಓದುವ ರೀತಿ

ನಾವು ಬಳಸುವುದು ಎಡಿನ್‌ಬರೋ ಪ್ರಶ್ನಾವಳಿ. ಕಾಕ್ಸ್, ಹೋಲ್ಡನ್, ಸಗೋವ್‌ಸ್ಕಿ ಅನ್ನುವ ಮೂವರು 1987ರಲ್ಲಿ ಮಾಡಿದ್ದು. ಹತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, 0ರಿಂದ 3 ಅಂಕ, ಒಟ್ಟು 30. ನಗು ಬರುತ್ತದಾ, ಮುಂದಿನದ್ದಕ್ಕೆ ಆಸೆಯಿಂದ ಕಾಯುತ್ತೀರಾ, ತಪ್ಪಾದಾಗ ವಿನಾಕಾರಣ ನಿಮ್ಮನ್ನೇ ಬೈದುಕೊಳ್ಳುತ್ತೀರಾ, ಸುಮ್ನೆ ಚಿಂತೆ ಆಗುತ್ತದಾ, ಭಯ ಆಗುತ್ತದಾ, ಕೆಲಸ ಮೀರಿ ಹೋಗಿದೆ ಅನ್ನಿಸುತ್ತದಾ, ಬೇಸರಕ್ಕೆ ನಿದ್ದೆ ಕೆಟ್ಟಿದೆಯಾ, ದುಃಖ, ಅಳು, ಕೊನೆಗೆ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಯೋಚನೆ: ಸಾರ ಇಷ್ಟೇ. ಸುಸ್ತು, ಊಟ ಸೇರದಿರುವುದು, ತೂಕ ಇಳಿದಿರುವುದು ಬೇಕೆಂತಲೇ ಇದರಲ್ಲಿಲ್ಲ, ಯಾಕೆಂದರೆ ಹಸಿ ಬಾಣಂತಿಗೆ ಅವು ಹೇಗೂ ಇರುತ್ತವೆ. ಆದರೆ ನಮ್ಮ ಹೆಣ್ಣುಮಕ್ಕಳು ಮನಸ್ಸಿನ ಕಷ್ಟ ಹೇಳುವುದೇ ಮೈಯ ಮಾತಲ್ಲಿ. ತಲೆ ಭಾರ, ಎದೆ ಡವಡವ, ಕೈಕಾಲು ಸೋಲು ಅಂತ ಪದೇ ಪದೇ ಹೇಳುತ್ತಿದ್ದರೆ ಅದನ್ನೇ ದಾರಿ ಮಾಡಿಕೊಂಡು "ಇಷ್ಟೆಲ್ಲಾ ಆದಾಗ ಮನಸ್ಸಿಗೆ ಹೇಗಿರುತ್ತೆ?" ಅಂತ ಪ್ರಶ್ನೆಗೆ ಬನ್ನಿ.

ಓದಲು ಬರುವವರಾದರೆ ಹಾಳೆ ಕೊಟ್ಟು ಅವರೇ ಗುರುತು ಹಾಕಲಿ. ಬರದಿದ್ದರೆ ಅಚ್ಚಾದ ಕನ್ನಡ ಹಾಳೆಯಿಂದ ಪ್ರಶ್ನೆ ಮತ್ತು ನಾಲ್ಕೂ ಉತ್ತರ ಪೂರ್ತಿ ಓದಿ. ನಿಮ್ಮ ಮಾತಲ್ಲಿ ಬದಲಾಯಿಸಬೇಡಿ, ಬದಲಾಯಿಸಿದರೆ ಅಂಕಕ್ಕೆ ಬೆಲೆ ಇರುವುದಿಲ್ಲ. ನಾಲ್ಕು ಉತ್ತರ ಒಟ್ಟಿಗೆ ತಲೆಯಲ್ಲಿ ನಿಲ್ಲದಿದ್ದರೆ ಎರಡು ಸಲಕ್ಕೆ ಕೇಳಿ: ಮೊದಲು ಇದೆಯಾ ಇಲ್ಲವಾ, ಇದೆ ಅಂದರೆ ಯಾವಾಗಲೂನಾ ಒಮ್ಮೊಮ್ಮೆನಾ. ಆಮೇಲೆ ಆ ಉತ್ತರವನ್ನು ಹಾಳೆಯಲ್ಲಿದ್ದಂತೆ ಇನ್ನೊಮ್ಮೆ ಓದಿ ಖಚಿತ ಮಾಡಿಕೊಳ್ಳಿ.

ಎಲ್ಲಾ ಪ್ರಶ್ನೆಯೂ ಕಳೆದ 7 ದಿನದ್ದು. "ಏಳು ದಿನ" ಅಂದರೆ ಬಾಣಂತಿ ಕೋಣೆಯಲ್ಲಿ ದಿನಗಳೇ ಕಲಸಿಹೋಗಿರುತ್ತವೆ. "ಹೋದ ಸೋಮವಾರದ ಸಂತೆಯಿಂದ ಇವತ್ತಿನವರೆಗೆ" ಅಂತ ಗುರುತು ಕೊಡಿ. ಇನ್ನೊಂದು ವಿಷಯ, ಬಾಣಂತಿ ಅಳಬಾರದು ಅಂತ ಮನೆಯಲ್ಲಿ ಹೇಳಿರುತ್ತಾರೆ. ಹಾಗಾಗಿ ಅಳುವಿನ ಪ್ರಶ್ನೆಗೆ "ಇಲ್ಲ" ಅನ್ನುವವರು ಬಹಳ. ಹಾಳೆಯಂತೆ ಕೇಳಿ ಅಂಕ ಹಾಕಿ, ಆಮೇಲೆ ಬೇರೆಯಾಗಿ "ಅಳು ಬಂದು ತಡೆದುಕೊಂಡಿದ್ದು ಇದೆಯಾ?" ಅಂತ ಕೇಳಿ ಅಂಚಿನಲ್ಲಿ ಬರೆದುಕೊಳ್ಳಿ.

ಅಂಕ ಹಾಕುವಾಗ ಎಡವುವ ಜಾಗ

ಪ್ರಶ್ನೆ 1, 2, 4ರಲ್ಲಿ ಮೇಲಿನ ಉತ್ತರಕ್ಕೆ 0, ಕೆಳಗೆ ಹೋದಂತೆ 1, 2, 3. ಉಳಿದ ಏಳರಲ್ಲಿ ತಿರುವುಮುರುವು: ಮೇಲಿನದಕ್ಕೆ 3, ಕೊನೆಯದಕ್ಕೆ 0. ಇದನ್ನು ಮರೆತು ಎಲ್ಲಕ್ಕೂ ಒಂದೇ ದಿಕ್ಕಿನಲ್ಲಿ ಅಂಕ ಹಾಕುವುದೇ ದೊಡ್ಡ ತಪ್ಪು. ಹತ್ತಕ್ಕೂ ಮೊದಲ ಉತ್ತರವನ್ನೇ ಹೇಳಿದವಳ ಸರಿಯಾದ ಅಂಕ 21. ಒಂದೇ ದಿಕ್ಕಿನಲ್ಲಿ ಹಾಕಿದರೆ ಅದು ಸೊನ್ನೆ ಆಗಿ ಅವಳು "ಆರಾಮ" ಪಟ್ಟಿಗೆ ಸೇರಿಬಿಡುತ್ತಾಳೆ. ಅಂಕ ಹಾಕುವುದನ್ನು ಅವಳ ಮುಂದೆ ಮಾಡಬೇಡಿ, ಪರೀಕ್ಷೆ ಬರೆದಂತಾಗುತ್ತದೆ.

13 ಅಥವಾ ಜಾಸ್ತಿ ಬಂದರೆ ಪಿಎಚ್‌ಸಿ ಡಾಕ್ಟರ ಹತ್ತಿರ ಕಳಿಸಬೇಕು, ಜೊತೆಗೆ ನಮ್ಮ ವಾರದ ಭೇಟಿ ಶುರು. ಕನ್ನಡದ ಪ್ರಶ್ನಾವಳಿಯನ್ನು ಕರ್ನಾಟಕದ ಹಳ್ಳಿ ಗರ್ಭಿಣಿಯರಲ್ಲಿ ಪರೀಕ್ಷಿಸಿದಾಗಲೂ 13 ಸರಿಹೊಂದಿತ್ತು. 10ರಿಂದ 12 ಬಂದರೆ ಎರಡು ವಾರ ಬಿಟ್ಟು ಮತ್ತೆ ಕೇಳಿ, ನಡುವೆ ಒಮ್ಮೆ ಹೋಗಿ ಬನ್ನಿ. ತಮಿಳು, ಕೊಂಕಣಿ ತಾಯಂದಿರಲ್ಲಿ 13ಕ್ಕಿಂತ ಕಡಿಮೆ ಅಂಕವೇ ಗೆರೆಯಾಗಿದೆ, ಹಾಗಾಗಿ 11 ಬಂದವಳನ್ನು ಪಾಸಾದಳು ಅಂತ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ. ಅಂಕ 6 ಬಂದಿದೆ, ಆದರೆ ಕೂದಲು ಬಾಚಿಲ್ಲ, ಮಗು ಅತ್ತರೂ ತಿರುಗಿ ನೋಡುವುದಿಲ್ಲ ಅಂದರೆ ಅಂಕವನ್ನಲ್ಲ, ನಿಮ್ಮ ಕಣ್ಣನ್ನು ನಂಬಿ.

ಹತ್ತನೇ ಪ್ರಶ್ನೆ

ಒಟ್ಟು ಅಂಕ ಎಷ್ಟೇ ಇರಲಿ, ಹತ್ತನೆಯದಕ್ಕೆ "ಇಲ್ಲವೇ ಇಲ್ಲ" ಬಿಟ್ಟು ಬೇರೆ ಏನೇ ಉತ್ತರ ಬಂದರೂ ಅವತ್ತಿನ ಮಿಕ್ಕ ಮನೆಭೇಟಿಗಳು ಕಾಯಲಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಪ್ರಶ್ನೆಯನ್ನು ಮೆತ್ತಗೆ ನುಂಗಿ "ಅಂಥದ್ದೇನೂ ಇಲ್ಲ ತಾನೇ?" ಅನ್ನಬೇಡಿ. ಮುಂದುವರಿಸಿ ಕೇಳಬೇಕಾದ್ದು ಇಷ್ಟು:

- ಆ ಯೋಚನೆ ಕೊನೆಯ ಸಲ ಯಾವಾಗ ಬಂತು? ಬಂದಾಗ ಎಷ್ಟು ಹೊತ್ತು ಇರುತ್ತೆ?
- ಹೇಗೆ ಅಂತ ಯೋಚನೆ ಮಾಡಿದ್ದೀರಾ? ಅದಕ್ಕೆ ಬೇಕಾದ್ದು ಮನೆಯಲ್ಲಿ ಇದೆಯಾ?
- ಹಿಂದೆ ಯಾವಾಗಾದರೂ ಪ್ರಯತ್ನ ಮಾಡಿದ್ದು ಇದೆಯಾ?
- ಮಗುವಿಗೂ ಏನಾದರೂ ಆಗಲಿ ಅನ್ನಿಸಿದೆಯಾ?
- ಆ ಹೊತ್ತಲ್ಲಿ ನಿಮ್ಮನ್ನು ತಡೆದು ನಿಲ್ಲಿಸೋದು ಏನು?

ಹೇಗೆ ಅಂತ ಯೋಚಿಸಿದ್ದಾಳೆ, ಅಥವಾ ಮುಂಚೆ ಪ್ರಯತ್ನ ಮಾಡಿದ್ದಾಳೆ, ಅಥವಾ ಮಗುವನ್ನೂ ಸೇರಿಸಿ ಯೋಚಿಸುತ್ತಿದ್ದಾಳೆ ಅಂದರೆ ಅದೇ ದಿನ ಆಸ್ಪತ್ರೆ. ನೀವೇ ಜೊತೆಗೆ ಹೋಗಿ, ಇಲ್ಲವೇ ಆಶಾ ಹೋಗಲಿ. ಯೋಚನೆ ಬಂದು ಹೋಗುತ್ತದೆ, ಮಿಕ್ಕ ಯಾವುದೂ ಇಲ್ಲ ಅಂದರೂ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಅವಳ ಒಪ್ಪಿಗೆ ಪಡೆದು ಮನೆಯಲ್ಲಿ ಅವಳು ನಂಬುವ ಒಬ್ಬರಿಗೆ ಹೇಳಿ, ರಾತ್ರಿ ಒಬ್ಬಳೇ ಮಲಗದಂತೆ ನೋಡಿಕೊಳ್ಳಿ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳು ಬೀಗದೊಳಗೆ ಹೋಗಲಿ, ಅದನ್ನು ನೀವು ಅಲ್ಲಿರುವಾಗಲೇ ಮಾಡಿಸಿ. ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಬರೆದುಕೊಟ್ಟು ಬರುವುದಕ್ಕಿಂತ ಅವಳ ಪಕ್ಕದಲ್ಲೇ ಕೂತು ಒಂದು ಸಲ ಮಾತಾಡಿಸಿ.

ಕೆಲವು ತಾಯಂದಿರು "ಮಗುವನ್ನು ಕೈಜಾರಿ ಬೀಳಿಸಿಬಿಡ್ತೀನೇನೋ ಅಂತ ಯೋಚನೆ ಬರುತ್ತೆ, ನೆನೆಸಿಕೊಂಡರೇ ಮೈ ನಡುಗುತ್ತೆ" ಅನ್ನುತ್ತಾರೆ. ಯೋಚನೆ ಅವಳಿಗೇ ಭಯ ಹುಟ್ಟಿಸುತ್ತಿದೆ, ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ ಅಂದರೆ ಅದು ಚಿಂತೆಯ ಕಾಯಿಲೆಯ ಲಕ್ಷಣ ಇರಬಹುದು. ಡಾಕ್ಟರಿಗೆ ಹೇಳಬೇಕು, ಆದರೆ ಮಗುವನ್ನು ಅವಳಿಂದ ಕಿತ್ತುಕೊಳ್ಳುವಂತೆ ಗಾಬರಿ ಎಬ್ಬಿಸಬೇಡಿ. ಮಗುವಿಗೆ ಏನಾದರೂ ಮಾಡಿಬಿಡುವುದೇ ಸರಿ ಅಂತ ಶಾಂತವಾಗಿ ಹೇಳುವವಳ ವಿಷಯವೇ ಬೇರೆ. ಅದು ತುರ್ತು.

ಒಂದು ಉದಾಹರಣೆ, ಪೂರ್ತಿಯಾಗಿ

ಇದು ಪಾಠಕ್ಕೆಂದು ಕಟ್ಟಿದ್ದು. 23 ವರ್ಷ, ಎರಡನೇ ಹೆರಿಗೆ, ಎರಡನೆಯದೂ ಹೆಣ್ಣು. ತವರಿನಲ್ಲಿ ಬಾಣಂತನ. ಗಂಡ ನಾಮಕರಣಕ್ಕೆ ಬಂದು ಹೋದವನು ಮತ್ತೆ ಬಂದಿಲ್ಲ. 42ನೇ ದಿನ ಹೋದಾಗ ಅಮ್ಮನ ದೂರು: "ಹಾಲೇ ಸಾಲಲ್ಲ ಸಿಸ್ಟರ್, ಡಬ್ಬಿ ಹಾಲು ಬರೆದುಕೊಡಿ." ಅವಳ ದೂರು ತಲೆ ಭಾರ, ಅಷ್ಟೇ. ಬಾಗಿಲು ಮುಚ್ಚಿ ಕೇಳಿದಾಗ ಒಂದರಿಂದ ಹತ್ತರವರೆಗೆ ಅಂಕ 1, 2, 3, 2, 1, 2, 2, 2, 1, 1. ಒಟ್ಟು 17. ಹತ್ತನೆಯದರಲ್ಲಿ 1, ಅಂದರೆ ತೀರಾ ಅಪರೂಪಕ್ಕೆ. ವಿಚಾರಿಸಿದರೆ, ನಾಮಕರಣದ ದಿನ ರಾತ್ರಿ ಒಮ್ಮೆ "ನಾನಿಲ್ಲದಿದ್ರೆ ಚೆನ್ನಾಗಿತ್ತು" ಅನ್ನಿಸಿದ್ದು, ಈ ವಾರ ಮತ್ತೊಮ್ಮೆ. ಹೇಗೆ ಅಂತ ಯೋಚಿಸಿಲ್ಲ, ಹಿಂದೆ ಪ್ರಯತ್ನ ಇಲ್ಲ. "ದೊಡ್ಡವಳು ಅಮ್ಮಾ ಅಂತ ಹುಡುಕ್ತಾಳೆ" ಅನ್ನುವುದು ಅವಳನ್ನು ತಡೆದದ್ದು.

ಸಿಸ್ಟರ್ ಅಲ್ಲಿಂದಲೇ ಪಿಎಚ್‌ಸಿ ಡಾಕ್ಟರಿಗೆ ಫೋನ್ ಮಾಡಿ ಮರುದಿನ ಬೆಳಗ್ಗೆಗೆ ಗೊತ್ತು ಮಾಡಿದರು. ರಾತ್ರಿ ಅಮ್ಮ ಪಕ್ಕದಲ್ಲೇ ಮಲಗುವುದೆಂದಾಯಿತು, ಹೊಲದ ಔಷಧಿ ಬೀಗದೊಳಗೆ ಹೋಯಿತು. ಡಾಕ್ಟರು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ನೋಡಿಸಿದರು. ಇವೆರಡು ಕೆಟ್ಟರೂ ಸುಸ್ತು ಬೇಸರ ಇದೇ ಥರ ಇರುತ್ತದೆ, ಆದ್ದರಿಂದ ಈ ಪರೀಕ್ಷೆ ಬಿಡಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ದಿನಕ್ಕೆ ಚೀಟಿ ಬರೆದರು. ಮಾತ್ರೆ ಕೊಟ್ಟರೆ ಎದೆಹಾಲು ನಿಲ್ಲಿಸಬೇಕಾ ಅನ್ನುವುದು ಮನೆಯವರ ಮೊದಲ ಪ್ರಶ್ನೆ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ, ಯಾವುದು ಅಂತ ಡಾಕ್ಟರು ಹೇಳುತ್ತಾರೆ, ತಾವಾಗಿ ಹಾಲನ್ನೋ ಮಾತ್ರೆಯನ್ನೋ ನಿಲ್ಲಿಸಬಾರದು. ಉತ್ತರ ಇಷ್ಟೇ.

ವಾರದ ಭೇಟಿ: ಕೂತು ಕೇಳುವುದು

ಎಡಿನ್‌ಬರೋದಲ್ಲೇ 1989ರಲ್ಲಿ ಒಂದು ಪ್ರಯೋಗ ಆಯಿತು. ಮನೆಮನೆಗೆ ಹೋಗುವ ನರ್ಸ್‌ಗಳಿಗೆ ಸ್ವಲ್ಪ ತರಬೇತಿ ಕೊಟ್ಟು, ಖಿನ್ನತೆಯಿದ್ದ ತಾಯಂದಿರ ಮನೆಗೆ ವಾರಕ್ಕೊಂದರಂತೆ ಎಂಟು ಸಲ ಕಳಿಸಿದರು. ಕೆಲಸ ಮುಖ್ಯವಾಗಿ ಕೇಳುವುದು. 26 ಜನರಲ್ಲಿ 18 ಜನ ಚೇತರಿಸಿಕೊಂಡರು. ಇಂಥ ಭೇಟಿ ಸಿಗದ 24 ಜನರಲ್ಲಿ ಚೇತರಿಸಿಕೊಂಡವರು 9. ಸಣ್ಣ ಪ್ರಯೋಗವೇ, ಆದರೂ ನಮ್ಮಂಥವರು ಮಾಡಬಹುದಾದ ಕೆಲಸ ಅನ್ನುವುದು ಅದರಿಂದ ಗೊತ್ತಾಯಿತು. ಅರ್ಧ ಗಂಟೆ ಸಾಕು, ಆದರೆ ಮೊದಲೇ ಹೇಳಿದ ದಿನ, ಹೇಳಿದ ಹೊತ್ತಿಗೆ ಹೋಗಬೇಕು. ತೀವ್ರ ಖಿನ್ನತೆಗೆ ಇದೊಂದೇ ಸಾಲದು.

ಮೊದಲ ಭೇಟಿಯಲ್ಲಿ ಬುದ್ಧಿ ಹೇಳಬೇಡಿ. ಬಾಯಿ ಸುಮ್ಮನಿರದೆ "ಧೈರ್ಯ ತಗೋಮ್ಮ", "ಎಲ್ಲರೂ ಹೆತ್ತಿಲ್ವಾ", "ಮುಂದಿನ ಸಲ ಗಂಡಾಗುತ್ತೆ ಬಿಡು" ಅಂದುಬಿಡುತ್ತೇವೆ. ಮೂರನೆಯದು ತೀರಾ ಕೆಟ್ಟದ್ದು, ಹೆಣ್ಣು ಹೆತ್ತದ್ದು ತಪ್ಪು ಅಂತ ನಾವೂ ಒಪ್ಪಿದಂತೆ. ನಮ್ಮ ಉದಾಹರಣೆಯ ಬಾಣಂತಿಯ ಜೊತೆ ಮಾತು ಹೀಗೆ ಹೋಗಬಹುದು:

"ಹೇಳಿ, ದಿನ ಹೇಗೆ ಕಳೀತಾ ಇದೆ?"
"ಏನು ಹೇಳೋದು ಸಿಸ್ಟರ್. ಮಗು ಅಳುತ್ತೆ, ನಾನೂ ಅಳ್ತೀನಿ."
"ಇಬ್ಬರೂ ಒಟ್ಟಿಗೆ." (ಸುಮ್ಮನಿರಿ. ಕಾಯಿರಿ.)
"ಹಾಲು ಕೊಡೋಕೂ ಆಗದವಳು ನಾನು. ನನ್ನಂಥವಳಿಗೆ ಮಕ್ಕಳೇ ಆಗಬಾರದಿತ್ತು."
"ಹಾಲು ಸಾಲದು ಅನ್ನೋ ಮಾತೇ ಒಳಗೆ ಕೊರೀತಾ ಇದೆ, ಅಲ್ವಾ?"

ಅವಳ ಮಾತನ್ನೇ ಸ್ವಲ್ಪ ತಿರುಗಿಸಿ ಹೇಳಿದ್ದು, ಅಷ್ಟೇ. ಸಮಾಧಾನ ಮಾಡಿಲ್ಲ, ಸರಿಪಡಿಸಿಲ್ಲ. ಅತ್ತರೆ ಅಳಲಿ, ನೀರು ತರಲು ಎದ್ದು ಓಡಬೇಡಿ.

ಎರಡನೇ ಭೇಟಿಯಲ್ಲಿ ಒಂದು ಯೋಚನೆಯನ್ನು ಹಿಡಿದು ನೋಡಿ. ಪಾಕಿಸ್ತಾನದ ರಾವಲ್ಪಿಂಡಿ ಕಡೆಯ ಹಳ್ಳಿಗಳಲ್ಲಿ ಅತಿಫ್ ರೆಹಮಾನ್ ತಂಡ ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಿದ್ದು ಇದನ್ನೇ: ನೋಯಿಸುವ ಯೋಚನೆಯನ್ನು ಗುರುತಿಸು, ಅದರ ಜಾಗಕ್ಕೆ ಇನ್ನೊಂದನ್ನು ತಾ, ಅದರಂತೆ ಒಂದು ಸಣ್ಣ ಕೆಲಸ ಮಾಡು. ನಮ್ಮ ಬಾಣಂತಿಯ ಯೋಚನೆ "ಹಾಲು ಸಾಲಲ್ಲ, ಎಲ್ಲಾ ನನ್ನಿಂದಲೇ". ತಾಯಿ ಕಾರ್ಡ್ ತೆಗೆಯಿರಿ. ಹುಟ್ಟಿದಾಗ 2.7 ಕೆಜಿ, ಈಗ 3.9. ದಿನಕ್ಕೆ ಎಷ್ಟು ಸಲ ಬಟ್ಟೆ ಒದ್ದೆ ಅಂತ ಅವಳ ಬಾಯಲ್ಲೇ ಎಣಿಸಿಸಿ. ಏಳೆಂಟು ಸಲ ಅನ್ನುತ್ತಾಳೆ. ಗೆರೆ ಮೇಲೇರಿದ ಜಾಗವನ್ನು ಅವಳ ಬೆರಳಲ್ಲೇ ಮುಟ್ಟಿಸಿ "ಇದು ಯಾರ ಹಾಲು?" ಅಂತ ಕೇಳಿ. ಉತ್ತರ ಅವಳಿಂದ ಬರಬೇಕು. ಆಮೇಲೆ ಮುಂದಿನ ವಾರದವರೆಗೆ ಒಂದೇ ಒಂದು ಕೆಲಸ ಒಪ್ಪಿಸಿ. ಸಂಜೆ ಹತ್ತು ನಿಮಿಷ ದೊಡ್ಡ ಮಗಳ ತಲೆ ಬಾಚುವುದು, ಹಾಗೆ. ನಾಲ್ಕು ಕೆಲಸ ಹೇಳಿದರೆ ನಾಲ್ಕೂ ಆಗದೆ "ಇದೂ ನನ್ನ ಕೈಲಾಗಲಿಲ್ಲ" ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಕೊಟ್ಟಂತಾಗುತ್ತದೆ.

ಮೂರನೆಯದರಲ್ಲಿ ಮನೆಯವರು. ಅವಳು ಒಪ್ಪಿದರೆ ಮಾತ್ರ, ಒಪ್ಪಿದಷ್ಟು ಮಾತ್ರ ಹೇಳಿ. ಅಮ್ಮನಿಗೆ "ಕಾಯಿಲೆ" ಅಂದರೆ ಅರ್ಥವಾಗುತ್ತದೆ, "ಬೇಸರ" ಅಂದರೆ ಸೋಮಾರಿತನ ಅನ್ನಿಸಿಬಿಡುತ್ತದೆ. ಕೇಳಬೇಕಾದ್ದು ಒಂದು: ರಾತ್ರಿ ಒಂದು ಹಾಲಿನಿಂದ ಮುಂದಿನ ಹಾಲಿನವರೆಗೆ ಮಗುವನ್ನು ಪೂರ್ತಿ ಬೇರೆಯವರು ನೋಡಿಕೊಂಡು ಅವಳಿಗೆ ತಡೆಯಿಲ್ಲದ ನಿದ್ದೆ ಸಿಗುವಂತೆ ಮಾಡುವುದು. ಗಂಡನಿಗೆ ಫೋನಿನಲ್ಲಾದರೂ ಮಾತಾಡಿ, ಮಗುವಿನ ತೂಕದಿಂದ ಶುರು ಮಾಡಿ. ಹೊಡೆತ ಬಡಿತ ಇರುವ ಮನೆಯಾದರೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಮಾತಾಡಲೇಬೇಡಿ, ನೀವು ಹೋದ ಮೇಲೆ ಅವಳೇ ಅನುಭವಿಸಬೇಕಾಗುತ್ತದೆ. ಅಲ್ಲಿ 181 ಮಹಿಳಾ ಸಹಾಯವಾಣಿ ಮತ್ತು ಜಿಲ್ಲೆಯ ಸಖಿ ಕೇಂದ್ರದ ದಾರಿ ತೋರಿಸಿ.

ನಾಲ್ಕನೇ ಭೇಟಿಯಲ್ಲಿ ಹತ್ತು ಪ್ರಶ್ನೆ ಮತ್ತೆ ಕೇಳಿ. ಹತ್ತನೆಯದನ್ನಂತೂ ಪ್ರತಿ ಭೇಟಿಯಲ್ಲೂ ಕೇಳಿ. ಒಂದೆರಡು ಅಂಕ ಇಳಿದರೆ ಅದು ಆ ದಿನದ ಮೂಡಿನ ಏರಿಳಿತವೂ ಇರಬಹುದು. 4 ಅಥವಾ ಜಾಸ್ತಿ ಇಳಿದರೆ ನಿಜಕ್ಕೂ ಬದಲಾಗುತ್ತಿದೆ ಅಂತ ಹಿಡಿಯಬಹುದು. 17 ಇದ್ದದ್ದು 11 ಆಗಿದೆ ಅಂದರೆ ಇನ್ನೂ ನಾಲ್ಕು ವಾರ ಮುಂದುವರಿಸಿ. 16ರಲ್ಲೇ ನಿಂತಿದೆ, ಅಥವಾ ಏರಿದೆ ಅಂದರೆ ಮಾತು ಸಾಲುತ್ತಿಲ್ಲ, ಡಾಕ್ಟರಿಗೆ ಮತ್ತೆ ತೋರಿಸಿ. ಮಾತ್ರೆ ಶುರುವಾಗಿದ್ದರೆ ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕು, "ಏನೂ ಆಗಲಿಲ್ಲ" ಅಂತ ಹತ್ತು ದಿನಕ್ಕೇ ಬಿಟ್ಟುಬಿಡುವವರು ಜಾಸ್ತಿ. ಆ ಹೊತ್ತಿಗೆ ನಿಮ್ಮ ಭೇಟಿ ಬೀಳುವಂತೆ ನೋಡಿಕೊಳ್ಳಿ.

ತವರಿನಿಂದ ಗಂಡನ ಮನೆಗೆ

ನಮ್ಮ ಕಡೆ ತಾಯಂದಿರು ಕಳೆದುಹೋಗುವುದು ಇಲ್ಲೇ. ಮೂರನೇ ತಿಂಗಳಿಗೋ ಐದನೇ ತಿಂಗಳಿಗೋ ತೊಟ್ಟಿಲು ಸಮೇತ ಕಳಿಸಿಕೊಡುತ್ತಾರೆ. ತವರಿನ ಉಪಕೇಂದ್ರದವರು ಹೋದಳು ಅಂತ ಬರೆದುಕೊಳ್ಳುತ್ತಾರೆ, ಅಲ್ಲಿಯವರಿಗೆ ಲಸಿಕೆ ದಿನದವರೆಗೆ ಬಂದದ್ದೇ ಗೊತ್ತಿರುವುದಿಲ್ಲ. ಕೆಲಸ ಕಮ್ಮಿಯಿದ್ದ ತವರು ಬಿಟ್ಟು ನೀರು, ಅಡುಗೆ, ದನ, ಎಲ್ಲಾ ಒಟ್ಟಿಗೆ ಮೈಮೇಲೆ ಬೀಳುವ ಹೊತ್ತೂ ಅದೇ, ಇಳಿದಿದ್ದ ಅಂಕ ಮತ್ತೆ ಏರುವುದು ಆಗಲೇ. ಹೊರಡುವ ದಿನವನ್ನು ಮೊದಲೇ ಕೇಳಿಟ್ಟುಕೊಳ್ಳಿ. ಅವಳ ಒಪ್ಪಿಗೆ ಪಡೆದು ಆ ಊರಿನ ಸಿಸ್ಟರ್‌ಗೆ ನೀವೇ ಫೋನ್ ಮಾಡಿ: ಕೊನೆಯ ಅಂಕ ಎಷ್ಟು, ಹತ್ತನೆಯದರ ಉತ್ತರ ಏನು, ಮಾತ್ರೆ ಇದೆಯಾ, ಇದ್ದರೆ ಎಷ್ಟು ದಿನಕ್ಕೆ ಕೊಟ್ಟಿದ್ದಾರೆ. ತಾಯಿ ಕಾರ್ಡಿನ ಮೇಲೆ ಖಿನ್ನತೆ ಅಂತ ದಪ್ಪಕ್ಷರದಲ್ಲಿ ಬರೆಯಬೇಡಿ, ಅದನ್ನು ಮನೆಯವರೆಲ್ಲಾ ಓದುತ್ತಾರೆ. ಅಂಕ ಮತ್ತು ತಾರೀಕು ನಿಮ್ಮ ರಿಜಿಸ್ಟರಿನಲ್ಲಿ ಇರಲಿ. ಹೋದ ಎರಡು ವಾರದೊಳಗೆ ಅಲ್ಲಿಯ ಸಿಸ್ಟರ್ ಒಮ್ಮೆ ಮನೆಗೆ ಹೋಗಿ ಹತ್ತೂ ಪ್ರಶ್ನೆ ಕೇಳಲಿ. ಅವರು ಹೋದರಾ ಇಲ್ಲವಾ ಅಂತ ಮೂರನೇ ವಾರ ನೀವೇ ಮತ್ತೆ ಫೋನ್ ಮಾಡಿ ವಿಚಾರಿಸಿ.